ಎರಡು ತ್ರಿಕೋನ, ಒಂದೇ ಕೋನ

ದ್ವಿ-ಸೀಳುಗಂಡಿ ಪ್ರಯೋಗದಲ್ಲಿ ಬೆಳಕಿನ ಪಟ್ಟಿಗಳ ನಡುವಿನ ಅಂತರ ಎಷ್ಟು ಎಂದು ಕೇಳಿದರೆ ನನ್ನ ಬಹುತೇಕ ವಿದ್ಯಾರ್ಥಿಗಳು ಪ್ರಶ್ನೆ ಮುಗಿಯುವ ಮೊದಲೇ λD/d ಎಂದು ಬರೆದಿರುತ್ತಾರೆ. ಉತ್ತರ ತಪ್ಪಲ್ಲ. ಆದರೆ ಆ ಸೂತ್ರ ಯಾವ ಷರತ್ತಿನ ಮೇಲೆ ನಿಂತಿದೆ ಎಂದು ಕೇಳಿದಾಗ ಹೆಚ್ಚಿನವರು ಹೇಳುವುದು ಒಂದೇ ಮಾತು: ಪರದೆ ದೂರದಲ್ಲಿರಬೇಕು, D ಎಂಬುದು d ಗಿಂತ ಬಹಳ ದೊಡ್ಡದಾಗಿರಬೇಕು. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ವರ್ಷವರ್ಷವೂ ಹೊಸ ತರಗತಿಗೆ ಹೊಸದಾಗಿ ಹೇಳಬೇಕಾಗಿ ಬರುವುದರಿಂದ ಈ ಸಲ ಅದನ್ನು ಬರೆದೇ ಇಡುತ್ತಿದ್ದೇನೆ.

ಎರಡು ಸೀಳುಗಂಡಿಗಳಿಂದ ಹೊರಟ ಅಲೆಗಳು ಒಂದು ಬಿಂದುವಿನಲ್ಲಿ ಕೂಡಿದಾಗ ಅವುಗಳ ಪಥವ್ಯತ್ಯಾಸವು ತರಂಗಾಂತರದ ಪೂರ್ಣ ಗುಣಕವಾಗಿದ್ದರೆ ಅಲ್ಲಿ ಪ್ರಕಾಶಮಾನ ಪಟ್ಟಿ ಕಾಣುತ್ತದೆ. ಇದನ್ನು ಎಲ್ಲರೂ ಬಲ್ಲರು. ತೊಡಕು ಇರುವುದು ಆ ಪಥವ್ಯತ್ಯಾಸವನ್ನು ಅಳೆಯುವಲ್ಲಿ. ಪರದೆ ದೂರವಿದ್ದಾಗ ಒಂದೇ ಬಿಂದುವಿನತ್ತ ಸಾಗುವ ಎರಡು ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿರುತ್ತವೆ. ಒಂದು ಸೀಳುಗಂಡಿಯಿಂದ ಇನ್ನೊಂದರ ಕಿರಣಕ್ಕೆ ಲಂಬ ಎಳೆದರೆ ಅಲ್ಲೊಂದು ಪುಟ್ಟ ಲಂಬಕೋನ ತ್ರಿಕೋನ ಸಿಗುತ್ತದೆ. ಸೀಳುಗಂಡಿಗಳ ನಡುವಿನ ಅಂತರ d ಆ ತ್ರಿಕೋನದ ಕರ್ಣ. ಕಿರಣ ನೇರ ಮುಂದಿನ ದಿಕ್ಕಿನಿಂದ ಓರೆಯಾಗಿರುವ ಕೋನ θ, ಆ ಕೋನಕ್ಕೆ ಎದುರಿನ ಬಾಹುವೇ ಪಥವ್ಯತ್ಯಾಸ. ಎದುರಿನ ಬಾಹುವನ್ನು ಕರ್ಣದಿಂದ ಭಾಗಿಸಿದರೆ ಬರುವುದು ಸೈನ್. ಆದ್ದರಿಂದ ಪ್ರಕಾಶಮಾನ ಪಟ್ಟಿಯ ನಿಯಮ d sin θ = mλ.

ಇನ್ನು ಪರದೆಯ ಕಡೆ ನೋಡೋಣ. ಸೀಳುಗಂಡಿಗಳ ನಡುಬಿಂದುವಿನಿಂದ ಪರದೆಯ ಮಧ್ಯಕ್ಕೆ ಇರುವ ದೂರ D. ಅಲ್ಲಿಂದ ಪಟ್ಟಿಯವರೆಗಿನ ಎತ್ತರ y. ಇದು ದೊಡ್ಡ ತ್ರಿಕೋನ, ಕೋನ ಮಾತ್ರ ಅದೇ θ. ಆದರೆ ಇಲ್ಲಿ D ಎಂಬುದು ಕರ್ಣವಲ್ಲ, ಪಕ್ಕದ ಬಾಹು. ಹೀಗಾಗಿ y/D ಎಂಬುದು ಟ್ಯಾನ್, ಸೈನ್ ಅಲ್ಲ. λD/d ಸೂತ್ರ ಹುಟ್ಟುವುದು ಚಿಕ್ಕ ತ್ರಿಕೋನದ ಸೈನನ್ನೂ ದೊಡ್ಡ ತ್ರಿಕೋನದ ಟ್ಯಾನನ್ನೂ ಒಂದೇ ಎಂದು ಒಪ್ಪಿಕೊಂಡಾಗ. ಹಾಗೆ ಒಪ್ಪಲು ಕೋನ ಚಿಕ್ಕದಾಗಿರಬೇಕು. ಪರದೆ ದೂರವಿದೆ ಎಂಬುದು ಒಂದು ಷರತ್ತು, ಕೋನ ಚಿಕ್ಕದಾಗಿದೆ ಎಂಬುದು ಬೇರೆಯೇ ಷರತ್ತು. ಮೊದಲನೆಯದು ಪೂರೈಸಿದ ಮಾತ್ರಕ್ಕೆ ಎರಡನೆಯದು ತಾನಾಗಿ ಪೂರೈಸುವುದಿಲ್ಲ. ಪರದೆಯನ್ನು ಎಷ್ಟೇ ದೂರ ಒಯ್ದರೂ ಪಟ್ಟಿಯ ಕೋನ ಬದಲಾಗುವುದಿಲ್ಲ, ಏಕೆಂದರೆ sin θ = mλ/d ಎಂಬ ಸಮೀಕರಣದಲ್ಲಿ D ಇಲ್ಲವೇ ಇಲ್ಲ.

ಈ ಎರಡು ಷರತ್ತುಗಳು ಮಕ್ಕಳ ಮನಸ್ಸಿನಲ್ಲಿ ಒಂದಾಗಿ ಹೋಗಿರುವುದಕ್ಕೆ ಅವರನ್ನಷ್ಟೇ ದೂರಲಾರೆ. ದ್ವಿತೀಯ ಪಿಯುಸಿಯಲ್ಲಿ ಸಾಮಾನ್ಯವಾಗಿ ಕಲಿಸುವ ನಿರೂಪಣೆಯಲ್ಲಿ ಎರಡು ಪಥಗಳ ವರ್ಗಗಳನ್ನು ಕಳೆಯುತ್ತೇವೆ, 2yd ಎಂದು ಬರುತ್ತದೆ. ಅಲ್ಲಿಯವರೆಗೆ ಯಾವ ಅಂದಾಜೂ ಇಲ್ಲ, ಅದು ನಿಖರ. ಬಳಿಕ ಅದನ್ನು ಎರಡು ಪಥಗಳ ಮೊತ್ತದಿಂದ ಭಾಗಿಸಬೇಕು, ಆಗ ಆ ಮೊತ್ತವನ್ನು 2D ಎಂದು ಒಂದೇ ಏಟಿಗೆ ಬರೆದುಬಿಡುತ್ತೇವೆ. ಎರಡೂ ಅಂದಾಜುಗಳು ಆ ಒಂದು ಸಾಲಿನಲ್ಲಿ ಸದ್ದಿಲ್ಲದೆ ಒಳಬರುತ್ತವೆ. ಅದೇ ಜಾಗದಲ್ಲಿ ಮೊತ್ತವನ್ನು 2√(D² + y²) ಎಂದು ಬರೆದರೆ ಪಥವ್ಯತ್ಯಾಸವು yd/√(D² + y²) ಆಗುತ್ತದೆ, ಅಂದರೆ ಸರಿಯಾಗಿ d sin θ. ಪರದೆ ದೂರವಿದೆ ಎಂಬ ಒಂದೇ ಷರತ್ತು ಬೇಡುವುದು ಇಷ್ಟನ್ನು ಮಾತ್ರ.

ಲೇಸರ್ ಇಟ್ಟುಕೊಂಡು ಮಾಡುವ ಪ್ರಯೋಗದಲ್ಲಿ ಈ ವ್ಯತ್ಯಾಸ ಎಂದೂ ಕಣ್ಣಿಗೆ ಬೀಳುವುದಿಲ್ಲ. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್, ಸೀಳುಗಂಡಿಗಳ ಅಂತರ 0.25 ಮಿ.ಮೀ., ಪರದೆ 2 ಮೀಟರ್ ದೂರದಲ್ಲಿ ಎಂದಿಟ್ಟುಕೊಳ್ಳಿ. ಪಟ್ಟಿಗಳ ಅಂತರ 5.2 ಮಿ.ಮೀ. ಬರುತ್ತದೆ. ನಾಲ್ಕನೆಯ ಪಟ್ಟಿಗೆ sin θ ಕೇವಲ 0.0104, ಸೈನ್ ಮತ್ತು ಟ್ಯಾನ್‌ಗಳ ಭೇದದಿಂದ ಅದರ ಸ್ಥಾನ ಪಲ್ಲಟವಾಗುವುದು ಸುಮಾರು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಗೋಡೆಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಅದನ್ನು ಕಾಣುವಂತಿಲ್ಲ. ಬೆಳಕಿನ ತರಂಗಾಂತರ ಅಷ್ಟು ಚಿಕ್ಕದು. 1807ರಲ್ಲಿ ತನ್ನ ಉಪನ್ಯಾಸಗಳನ್ನು ಅಚ್ಚು ಹಾಕಿಸಿದ ಥಾಮಸ್ ಯಂಗ್ ಕಡುಗೆಂಪಿನ ತರಂಗಾಂತರವನ್ನು ಒಂದು ಅಂಗುಲದ 36 ಸಾವಿರದಲ್ಲೊಂದು ಭಾಗ ಎಂದು ಎಣಿಸಿದ್ದ. ಇಂದಿನ ಅಳತೆಯಲ್ಲಿ ಅದು ಸುಮಾರು 705 ನ್ಯಾನೋಮೀಟರ್. ಕಣ್ಣಿಗೆ ಕಾಣುವಷ್ಟು ಅಂತರವಿಟ್ಟು ಕೊರೆದ ಯಾವ ಸೀಳುಗಂಡಿ ಜೋಡಿಯ ಮುಂದೆಯೂ ಈ ಉದ್ದ ತೀರಾ ಅಲ್ಪ, ಹೀಗಾಗಿ ಕೋನಗಳೂ ಅಲ್ಪ.

ಇದೇ ಕಾರಣಕ್ಕೆ ನಾನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೈಕ್ರೋವೇವ್‌ನಲ್ಲಿ ಈ ಪ್ರಯೋಗ ಮಾಡಿಸುತ್ತೇನೆ. ಮೂಲದ ಆವೃತ್ತಿ 10 ಗಿಗಾಹರ್ಟ್ಸ್, ಅಂದರೆ ತರಂಗಾಂತರ 3 ಸೆಂ.ಮೀ. ಅಲ್ಯೂಮಿನಿಯಂ ತಗಡುಗಳ ನಡುವೆ ಎರಡು ಸೀಳುಗಂಡಿ ಬಿಡುತ್ತೇವೆ, ನಡುವಿನಿಂದ ನಡುವಿಗೆ 9 ಸೆಂ.ಮೀ. ಒಂದು ಮೀಟರ್ ಆಚೆ, ತಗಡಿಗೆ ಸಮಾಂತರವಾಗಿ ಮೇಜಿನ ಮೇಲೆ ಅಳತೆಪಟ್ಟಿ ಇರುತ್ತದೆ. ಅದರ ಉದ್ದಕ್ಕೂ ಹಾರ್ನ್ ಆಂಟೆನಾವನ್ನು ಸರಿಸುತ್ತಾ ಮೀಟರಿನ ಮುಳ್ಳು ಎಲ್ಲಿ ಗರಿಷ್ಠಕ್ಕೇರುತ್ತದೆ ಎಂದು ಗುರುತಿಸಬೇಕು.

ಕೆಲವು ವರ್ಷಗಳ ಹಿಂದೆ ಇಬ್ಬರು ವಿದ್ಯಾರ್ಥಿನಿಯರು ತುಂಬಾ ಶ್ರದ್ಧೆಯಿಂದ ಅಳೆದು ತಂದರು. ಮಧ್ಯದಿಂದ ಮೊದಲ ಗರಿಷ್ಠ 35 ಸೆಂ.ಮೀ., ಎರಡನೆಯದು 90 ಸೆಂ.ಮೀ. ಅಳತೆಯಲ್ಲಿ ಯಾವ ಲೋಪವೂ ಇರಲಿಲ್ಲ. ಅವರು ಗೊತ್ತಿದ್ದ ಸೂತ್ರಕ್ಕೆ ಅಂಕಿಗಳನ್ನು ಹಾಕಿದರು. ಮೊದಲನೆಯದರಿಂದ ತರಂಗಾಂತರ 3.15 ಸೆಂ.ಮೀ., ಎರಡನೆಯದರಿಂದ 4.05 ಸೆಂ.ಮೀ. ಬಂತು. ಎರಡರ ಸರಾಸರಿ ತೆಗೆದು 3.6 ಸೆಂ.ಮೀ. ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದು, ದೋಷಕ್ಕೆ ಕಾರಣ ಉಪಕರಣ ಎಂದು ಕೆಳಗೆ ಸೇರಿಸಿದರು.

ನನಗೆ ಬೇಸರ ತಂದದ್ದು ಈ ಸರಾಸರಿ. ಒಂದೇ ಮೂಲದ ತರಂಗಾಂತರ ಒಂದು ಪಟ್ಟಿಗೆ 3.15, ಮುಂದಿನ ಪಟ್ಟಿಗೆ 4.05 ಎಂದು ಬಂದರೆ ಅದು ಚದುರಿದ ದೋಷವಲ್ಲ. ಹೊರಗೆ ಹೋದಂತೆಲ್ಲ ಒಂದೇ ದಿಕ್ಕಿಗೆ ಬೆಳೆಯುತ್ತಿರುವ ದೋಷ. ಬೆಳೆಯುವ ದೋಷವನ್ನು ಸರಾಸರಿ ಅಳಿಸಲಾರದು, ಮುಚ್ಚಿಡುತ್ತದೆ ಅಷ್ಟೇ. ಹೊರಗಿನ ಪಟ್ಟಿಯಿಂದ ಬಂದ ತರಂಗಾಂತರ ಒಳಗಿನದಕ್ಕಿಂತ ದೊಡ್ಡದಾಗುತ್ತಾ ಹೋದರೆ ಸೈನ್ ಇರಬೇಕಾದಲ್ಲಿ ಟ್ಯಾನ್ ಬರೆದಿದ್ದೇವೆಯೇ ಎಂದು ಮೊದಲು ಶಂಕಿಸಬೇಕು.

ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿಸಿದೆ. ಎರಡನೆಯ ಗರಿಷ್ಠವನ್ನು ತೆಗೆದುಕೊಳ್ಳಿ. ವರ್ಗಗಳ ವ್ಯತ್ಯಾಸ 2 × 90 × 9, ಅಂದರೆ 1620. ಇದನ್ನು 2D ಯಿಂದ, ಎಂದರೆ 200ರಿಂದ ಭಾಗಿಸಿದರೆ ಪಥವ್ಯತ್ಯಾಸ 8.1 ಸೆಂ.ಮೀ. ಎಂದಾಗುತ್ತದೆ, ಅದು ತರಂಗಾಂತರದ 2.7 ಪಟ್ಟು, ಅಲ್ಲಿ ಗರಿಷ್ಠ ಬರುವ ಕಾರಣವೇ ಇಲ್ಲ. ಆದರೆ ಸೀಳುಗಂಡಿಗಳ ನಡುವಿನಿಂದ ಆ ಬಿಂದುವಿಗೆ ಇರುವ ನಿಜವಾದ ದೂರ 100 ಸೆಂ.ಮೀ. ಅಲ್ಲ, 134.5 ಸೆಂ.ಮೀ. ಅದರ ಎರಡು ಪಟ್ಟಾದ 269ರಿಂದ ಭಾಗಿಸಿದರೆ 6.02 ಸೆಂ.ಮೀ., ಸರಿಯಾಗಿ ಎರಡು ತರಂಗಾಂತರ. ಮೊದಲ ಗರಿಷ್ಠದಿಂದ ಇದೇ ರೀತಿ ತರಂಗಾಂತರ 2.97 ಸೆಂ.ಮೀ. ಬಂತು, ಎರಡನೆಯದರಿಂದ 3.01 ಸೆಂ.ಮೀ. ದೋಷವೆಂದು ಅವರು ದೂರಿದ್ದ ಉಪಕರಣ ಚೆನ್ನಾಗಿಯೇ ಕೆಲಸ ಮಾಡಿತ್ತು.

ಅವರ ಪುಸ್ತಕದಲ್ಲಿ ಇನ್ನೊಂದು ನಮೂದು ಇತ್ತು. ಸೂತ್ರದ ಪ್ರಕಾರ ಪಟ್ಟಿಗಳು 33.3 ಸೆಂ.ಮೀ.ಗೊಂದರಂತೆ ಬರಬೇಕಾದ್ದರಿಂದ ಮೂರನೆಯದನ್ನು 100 ಸೆಂ.ಮೀ. ಬಳಿ ಹುಡುಕಿ, ಮುಳ್ಳು ಸಾಕಷ್ಟು ಮೇಲಿದ್ದುದನ್ನು ಕಂಡು, ಮೂರನೆಯ ಗರಿಷ್ಠ ಸ್ಪಷ್ಟವಾಗಿಲ್ಲ ಎಂದು ಬರೆದಿದ್ದರು. ಅವರು ಕಂಡದ್ದು ಎರಡನೆಯ ಗರಿಷ್ಠದ ಹೊರ ಇಳಿಜಾರು. 100 ಸೆಂ.ಮೀ.ನಲ್ಲಿ ಕೋನ 45 ಡಿಗ್ರಿ, ಪಥವ್ಯತ್ಯಾಸ 6.36 ಸೆಂ.ಮೀ.; ಎರಡು ತರಂಗಾಂತರವನ್ನು ಸ್ವಲ್ಪವೇ ದಾಟಿರುತ್ತದೆ. ಆಚೆಯ ಕನಿಷ್ಠ ಸಿಗುವುದೇ 151 ಸೆಂ.ಮೀ. ಬಳಿ. ಮೂರನೆಯ ಗರಿಷ್ಠಕ್ಕೆ sin θ ಸರಿಯಾಗಿ 1 ಆಗಬೇಕು, ಅಂದರೆ 90 ಡಿಗ್ರಿ. ಅದು ತಗಡಿನ ಮಗ್ಗುಲಿಗೇ ಹೊರಟುಹೋಗುವ ದಿಕ್ಕು, ಮೇಜು ಎಷ್ಟೇ ಉದ್ದವಿದ್ದರೂ ಅಳತೆಪಟ್ಟಿಯ ಮೇಲೆ ಬೀಳದು. ಸೈನ್ 1ನ್ನು ಮೀರಲಾರದ ಕಾರಣ ಪಟ್ಟಿಗಳ ಸಂಖ್ಯೆಗೆ d/λ ಎಂಬ ಮಿತಿ ಇದೆ. λD/d ಸೂತ್ರಕ್ಕೆ ಈ ಮಿತಿಯ ಅರಿವಿಲ್ಲ, ಅದು ನಾಲ್ಕನೆಯ, ಐದನೆಯ ಪಟ್ಟಿಗಳಿಗೂ ಸ್ಥಾನ ಹೇಳುತ್ತಲೇ ಇರುತ್ತದೆ.

ಹಾಗಾದರೆ ಕೋನವನ್ನೇ ನೇರವಾಗಿ ಅಳೆದರೆ ಪಟ್ಟಿಗಳು ಸಮಾನ ಅಂತರದಲ್ಲಿ ಸಿಗುತ್ತವೆಯೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಉತ್ತರ ಇಲ್ಲ ಎಂದು. ಆಂಟೆನಾವನ್ನು ತಿರುಗುವ ತೋಳಿನ ಮೇಲೆ ಕೂರಿಸಿ ಡಿಗ್ರಿಗಳಲ್ಲಿ ಅಳೆದರೆ ಗರಿಷ್ಠಗಳು ಸುಮಾರು 19.5, 41.8, 90 ಡಿಗ್ರಿಗಳಲ್ಲಿರುತ್ತವೆ. ನಡುವಿನ ಅಂತರಗಳು 19.5, 22.3, 48.2. ಸಮಾನ ಅಂತರದಲ್ಲಿರುವುದು ಪರದೆಯ ಮೇಲಿನ ದೂರವೂ ಅಲ್ಲ, ಕೋನವೂ ಅಲ್ಲ, ಕೋನದ ಸೈನ್ ಮಾತ್ರ: 0.333, 0.667, 1. ಆದ್ದರಿಂದ ಪಟ್ಟಿಯ ಕ್ರಮಾಂಕದ ಎದುರು sin θ ದ ನಕ್ಷೆ ಬರೆಯಲು ಹೇಳುತ್ತೇನೆ. ಅದು ಸರಳರೇಖೆಯಾಗಿ ಬಂದು ಅದರ ಓಟ λ/d ಕೊಡುತ್ತದೆ. y ಯ ನಕ್ಷೆಯಾದರೆ ಮೇಲಕ್ಕೆ ಬಾಗುತ್ತದೆ.

ಯಾವಾಗ ಸುಲಭ ಸೂತ್ರ ಸಾಕು ಎಂಬುದಕ್ಕೆ ನಾನು ಪಾಲಿಸುವ ಅಂದಾಜು ಹೀಗಿದೆ. ಪಟ್ಟಿಯ ಎತ್ತರವು ಪರದೆಯ ದೂರದ ಏಳನೇ ಒಂದು ಭಾಗದೊಳಗಿದ್ದರೆ, ಅಂದರೆ ಕೋನ ಸುಮಾರು 8 ಡಿಗ್ರಿ ದಾಟದಿದ್ದರೆ, ಸೈನ್ ಮತ್ತು ಟ್ಯಾನ್‌ಗಳ ವ್ಯತ್ಯಾಸ ಶೇ 1ರ ಆಸುಪಾಸಿನಲ್ಲೇ ಉಳಿಯುತ್ತದೆ. ಅದಕ್ಕಿಂತ ನಿಖರವಾಗಿ ಅಳೆಯುವ ಉಪಕರಣ ಕೈಯಲ್ಲಿದ್ದರೆ ಈ ಮಿತಿಯನ್ನೂ ಇಳಿಸಿಕೊಳ್ಳಬೇಕು. ದೊಡ್ಡ ಕೋನಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು: ಹಾರ್ನ್‌ನ ಬಾಯಿ ಸದಾ ಸೀಳುಗಂಡಿಗಳ ನಡುಬಿಂದುವಿಗೆ ಮುಖ ಮಾಡಿರಬೇಕು. ನೇರ ಮುಂದಕ್ಕೆ ನೋಡುವಂತೆ ಬಿಟ್ಟು ಸರಿಸಿದರೆ ಅದು ಗ್ರಹಿಸುವ ಶಕ್ತಿ ಪಕ್ಕಕ್ಕೆ ಹೋದಂತೆಲ್ಲ ಕುಗ್ಗಿ, ಗರಿಷ್ಠದ ಗುರುತು ಒಳಕ್ಕೆ ಸರಿದಂತೆ ಕಾಣಬಹುದು.

ಆ ಇಬ್ಬರ ಬಳಿಕ ನನ್ನ ಪ್ರಯೋಗಾಲಯದ ಕೋಷ್ಟಕದಲ್ಲಿ y ಮತ್ತು D ಗಳ ಪಕ್ಕದಲ್ಲಿ √(D² + y²) ಎಂಬ ಮೂರನೆಯ ಅಂಕಣ ಇರುತ್ತದೆ, ಅದನ್ನು ತುಂಬದ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಲೇಸರ್ ಪ್ರಯೋಗದಲ್ಲಿಯೂ ಅದನ್ನು ತುಂಬಿಸುತ್ತೇನೆ. 2 ಮೀಟರಿನ ಎದುರು ಮತ್ತೆ 2.000 ಮೀಟರ್ ಎಂದೇ ಬರೆಯಬೇಕಾಗಿ ಬಂದಾಗ, ಇಲ್ಲಿ D ಬರೆದರೂ ನಡೆಯುತ್ತದೆ ಎಂಬುದು ಅವರ ಕೈಬರಹದಲ್ಲೇ ಸಿದ್ಧವಾಗಿರುತ್ತದೆ.