ಕರುಳು ಹೊರಗೆ ಹೋಗಿ ಬರುವ ಆ ಒಂದು ತಿಂಗಳು

ಹುಟ್ಟಿ ಐದು ದಿನವಾದ ಒಂದು ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿಂಗಳು ತುಂಬಿ ಹುಟ್ಟಿದ ಮಗು. ತೂಕ ಚೆನ್ನಾಗಿದೆ, ನಿನ್ನೆಯವರೆಗೆ ಹಾಲು ಕುಡಿದು ಸುಮ್ನೆ ಮಲಗುತ್ತಿತ್ತು. ಇವತ್ತು ಬೆಳಿಗ್ಗೆ ವಾಂತಿ ಮಾಡಿಕೊಂಡಿದೆ. ಅಜ್ಜಿ ಬಾಯಿ ಒರೆಸಿದ ಬಿಳಿ ಬಟ್ಟೆಯ ಮೇಲೆ ಸೊಪ್ಪಿನ ರಸದ ಹಾಗೆ ಕಡುಹಸಿರು ಕಲೆ. ಹೊಟ್ಟೆ ಮುಟ್ಟಿದರೆ ಮೆತ್ತಗಿದೆ, ಉಬ್ಬಿಲ್ಲ. ಜ್ವರವೂ ಇಲ್ಲ. "ಪಿತ್ತ ಜಾಸ್ತಿ ಆಗಿರ್ಬೇಕು, ಸಾಯಂಕಾಲದವರೆಗೆ ನೋಡೋಣ" ಎನ್ನುತ್ತಾರೆ ಮನೆಯವರು.

ಹಸಿರಾಗಿರುವುದು ಪಿತ್ತರಸವೇ, ಅದು ಸರಿ. ಆದರೆ ಸಾಯಂಕಾಲದವರೆಗೆ ಕಾಯುವಂತಿಲ್ಲ. ಪಿತ್ತರಸ ಕರುಳಿಗೆ ಬಂದು ಸೇರುವುದು ಜಠರ ದಾಟಿದ ಮೇಲೆ, ಡುವೊಡಿನಮ್ ಎಂಬ ಮೊದಲ ತಿರುವಿನಲ್ಲಿ. ಮಗು ಕಕ್ಕಿದ ಹಾಲು ಬೆಳ್ಳಗೆ ಮೊಸರಿನಂತಿದ್ದರೆ ಅದು ಜಠರದಿಂದ ಮೇಲೆ ಬಂದದ್ದು. ಹಸಿರಾಗಿದ್ದರೆ ಪಿತ್ತ ಸೇರುವ ಜಾಗಕ್ಕಿಂತ ಕೆಳಗೆ ದಾರಿ ಕಟ್ಟಿರಬಹುದು. ಹಾಗೆ ಕಟ್ಟಲು ಇರುವ ಕಾರಣಗಳಲ್ಲಿ ಎಲ್ಲಕ್ಕಿಂತ ಅವಸರದ್ದು, ಕರುಳು ತನ್ನದೇ ಬುಡದ ಸುತ್ತ ತಿರುಚಿಕೊಳ್ಳುವುದು. ವೈದ್ಯರು ಇದನ್ನು ವಾಲ್ವ್ಯುಲಸ್ ಎನ್ನುತ್ತಾರೆ. ತಿರುಚಿಕೊಂಡದ್ದು ಇವತ್ತೇ ಇರಬಹುದು. ಅದಕ್ಕೆ ಎಡೆಯಾದದ್ದು ಮಾತ್ರ ಬಸಿರಿನ ಮೊದಲ ಮೂರು ತಿಂಗಳಲ್ಲಿ.

ಭ್ರೂಣಕ್ಕೆ ಆರು ವಾರವಾಗುವ ಹೊತ್ತಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಕರುಳು ಭರದಿಂದ ಉದ್ದವಾಗುತ್ತಿರುತ್ತದೆ. ಹೊಟ್ಟೆಯಲ್ಲೋ ಯಕೃತ್ತೇ ಮುಕ್ಕಾಲು ಜಾಗ ಹಿಡಿದು ಕೂತಂತಿರುತ್ತದೆ. ಒಳಗೆ ಹಿಡಿಸದ ಕರುಳು ಒಂದು ಕುಣಿಕೆಯಾಗಿ ಹೊಕ್ಕುಳಬಳ್ಳಿಯೊಳಕ್ಕೆ ಜಾರುತ್ತದೆ. ದೊಡ್ಡವರಿಗೆ ಹೀಗೆ ಆದರೆ ಅದು ಹರ್ನಿಯಾ, ಆಪರೇಷನ್ ಬೇಕು. ಭ್ರೂಣಕ್ಕೆ ಇದು ಬೆಳವಣಿಗೆಯ ಮಾಮೂಲಿ ಹಂತ. ನಾವೆಲ್ಲರೂ ಸುಮಾರು ಒಂದು ತಿಂಗಳು ಕರುಳನ್ನು ಹೊಟ್ಟೆಯಾಚೆ ಇಟ್ಟುಕೊಂಡೇ ಬೆಳೆದವರು. ಸ್ಕ್ಯಾನ್ ಮಾಡುವವರು ವಾರಗಳನ್ನು ಕಡೆಯ ಮುಟ್ಟಿನಿಂದ ಎಣಿಸುತ್ತಾರೆ, ಹಾಗಾಗಿ ಅವರ ಲೆಕ್ಕದಲ್ಲಿ ಇದು ಎಂಟನೇ ವಾರ. ಹನ್ನೆರಡನೇ ವಾರದ ಹೊತ್ತಿಗೆ ಕರುಳು ಒಳಗೆ ಸೇರಿರಬೇಕು. ಅದಕ್ಕೂ ಮೊದಲಿನ ಸ್ಕ್ಯಾನಿನಲ್ಲಿ ಹೊಕ್ಕುಳ ಬಳಿ ಸಣ್ಣ ಉಬ್ಬು ಕಂಡರೆ ಗಾಬರಿ ಬೀಳಬೇಕಿಲ್ಲ.

ಈ ಕುಣಿಕೆಯ ನಡುವೆ ಕಂಬದ ಹಾಗೆ ಒಂದು ರಕ್ತನಾಳ ಹಾದುಹೋಗುತ್ತದೆ. ಸುಪೀರಿಯರ್ ಮೆಸೆಂಟರಿಕ್ ಆರ್ಟರಿ ಎಂದು ಅದರ ಹೆಸರು. ಸಣ್ಣ ಕರುಳಿನ ಬಹುಪಾಲಿಗೆ, ದೊಡ್ಡ ಕರುಳಿನ ಮೊದಲ ಭಾಗಕ್ಕೆ ರಕ್ತ ಕೊಡುವುದು ಇದೇ. ಕುಣಿಕೆ ಈ ಕಂಬವನ್ನು ಸುತ್ತುತ್ತದೆ. ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅಂದರೆ ನಾವು ಪ್ರದಕ್ಷಿಣೆ ಹಾಕುವುದಕ್ಕೆ ತಿರುಗುಮುರುಗಾಗಿ. ಹೊರಗಿರುವಾಗ 90 ಡಿಗ್ರಿ, ಭ್ರೂಣದ ವಯಸ್ಸಿನ ಹತ್ತನೇ ವಾರದಲ್ಲಿ ಹಿಂದಿರುಗುವಾಗ ಇನ್ನೂ 180, ಒಟ್ಟು 270 ಡಿಗ್ರಿ, ಮುಕ್ಕಾಲು ಸುತ್ತು. ಪುಸ್ತಕಗಳು ಹೇಳುವ ಲೆಕ್ಕ ಇದು. ನನಗೆ ಕೇಳಿದರೆ ಡಿಗ್ರಿಗಳಿಗಿಂತ ಕರುಳು ಕೊನೆಗೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳುವುದು ಮೇಲು. ಸಣ್ಣ ಕರುಳಿನ ಮೊದಲ ತುದಿ ರಕ್ತನಾಳದ ಹಿಂದಿನಿಂದ ನುಸುಳಿ ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಅಂಟಿ ನಿಲ್ಲುತ್ತದೆ. ಅದರ ಕೊನೆಯ ತುದಿ, ಅಪೆಂಡಿಕ್ಸ್ ಇರುವ ಕಡೆ, ರಕ್ತನಾಳದ ಮುಂದಿನಿಂದ ಬಂದು ಬಲ ಕೆಳಭಾಗಕ್ಕೆ ಇಳಿದು ಕೂರುತ್ತದೆ. ಎರಡು ತುದಿಗಳು, ಎರಡು ಎದುರುಬದುರು ಮೂಲೆಗಳು.

ಈ ದೂರ ಯಾಕೆ ಬೇಕು ಎಂದು ತಿಳಿಯಲು ಸೀರೆ ನೆರಿಗೆಯನ್ನು ನೆನೆಸಿಕೊಳ್ಳಿ. ಸೊಂಟದಲ್ಲಿ ಸಿಕ್ಕಿಸಿದ ಕಡೆ ಗೇಣಗಲವೂ ಇರುವುದಿಲ್ಲ, ಆದರೆ ಬಿಚ್ಚಿ ಹರಡಿದರೆ ಅಂಚು ಗಜಗಟ್ಟಲೆ. ಕರುಳನ್ನು ಬೆನ್ನಿನ ಗೋಡೆಗೆ ಕಟ್ಟಿಕೊಟ್ಟಿರುವ ಮೆಸೆಂಟರಿ ಎಂಬ ಪೊರೆಯೂ ಹಾಗೇ. ದೊಡ್ಡವರಲ್ಲಿ ಅದರ ಬುಡ ಸುಮಾರು 15 ಸೆಂಟಿಮೀಟರ್, ಅದರ ಅಂಚಿಗೆ ತೂಗುವ ಕರುಳು ಆರು ಮೀಟರ್ ಹತ್ತಿರ. ರಕ್ತನಾಳಗಳು ಹೋಗುವುದು ಈ ಪೊರೆಯೊಳಗೇ. ಬುಡ ಎಡ ಮೇಲಿನಿಂದ ಬಲ ಕೆಳಗೆ ಓರೆಯಾಗಿ ಹರಡಿ ಅಂಟಿರುವುದರಿಂದ ಕರುಳು ಎಷ್ಟೇ ಹೊರಳಾಡಿದರೂ ಇಡಿಯಾಗಿ ತಿರುಗುವುದಿಲ್ಲ.

ಸುತ್ತು ಅರ್ಧಕ್ಕೇ ನಿಂತರೆ? ಎರಡೂ ತುದಿಗಳು ಹೊಟ್ಟೆಯ ನಡುವೆ ಅಕ್ಕಪಕ್ಕದಲ್ಲೇ ಉಳಿಯುತ್ತವೆ. ಇದನ್ನೇ ಮಾಲ್‌ರೊಟೇಶನ್ ಎನ್ನುವುದು. ಒಗೆದ ಬೆಡ್‌ಶೀಟನ್ನು ಎರಡು ಕ್ಲಿಪ್ ದೂರ ದೂರ ಹಾಕಿ ಒಣಗಲು ಬಿಡಿ, ಗಾಳಿಗೆ ಬರೀ ಅಲ್ಲಾಡುತ್ತದೆ. ಎರಡೂ ಕ್ಲಿಪ್ಪನ್ನು ಒಂದೇ ಕಡೆ ಹಾಕಿ, ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ನಮ್ಮ ಐದು ದಿನದ ಮಗುವಿನ ಹೊಟ್ಟೆಯಲ್ಲಿ ಆದದ್ದೂ ಇದೇ. ಕರುಳಿನ ಇಡೀ ಗೊಂಚಲು ಆ ಕಿರಿದಾದ ತೊಟ್ಟಿನ ಮೇಲೆ ಪ್ರದಕ್ಷಿಣೆಯ ದಿಕ್ಕಿಗೆ ತಿರುಚಿದೆ. ಮೊದಲು ಮುಚ್ಚುವುದು ತೆಳು ಗೋಡೆಯ ಅಭಿಧಮನಿಗಳು. ಒಳಗೆ ಹೋದ ರಕ್ತ ಹಿಂದಿರುಗದೆ ಕರುಳು ಊದಿಕೊಳ್ಳುತ್ತದೆ. ತಿರುಚು ಬಿಗಿಯಾದರೆ ಬರುವ ರಕ್ತವೂ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಲೆಕ್ಕ ಗಂಟೆಗಳದ್ದು.

ಹೊಟ್ಟೆ ಮೆತ್ತಗಿದೆ ಎಂಬ ಸಮಾಧಾನ ಮೋಸ ಮಾಡುವುದು ಇಲ್ಲೇ. ಕಟ್ಟಿರುವ ಜಾಗ ತೀರಾ ಮೇಲಿದೆ, ಹಾಗಾಗಿ ಕೆಳಗೆ ಉಬ್ಬಲು ಏನೂ ಇಲ್ಲ. ಸಾದಾ ಎಕ್ಸ್‌ರೇ ಕೂಡ ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಹೊಟ್ಟೆ ಬಿಗಿದು, ಮಲದಲ್ಲಿ ರಕ್ತ ಬಂದು, ಮಗು ಬಿಳಿಚಿಕೊಳ್ಳುವ ಹೊತ್ತಿಗೆ ಕರುಳು ಕಪ್ಪಾಗತೊಡಗಿರುತ್ತದೆ. ಅದಕ್ಕೇ ಹಸಿರು ವಾಂತಿ ಒಂದೇ ಸಾಕು, ಮಗು ಎಷ್ಟೇ ಗೆಲುವಾಗಿದ್ದರೂ ಆಸ್ಪತ್ರೆಗೆ ಓಡಬೇಕು. ಆ ಕಲೆಯ ಬಟ್ಟೆಯನ್ನು ಒಗೆಯದೆ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಹಸಿರು ವಾಂತಿಯಾದ ಎಲ್ಲ ಶಿಶುಗಳಿಗೂ ವಾಲ್ವ್ಯುಲಸ್ ಇರುವುದಿಲ್ಲ. ಆದರೆ ಹೊರಗಿನಿಂದ ನೋಡಿ ಇದೆ ಇಲ್ಲ ಎಂದು ಯಾರೂ ಹೇಳಲಾರರು.

ಒಳಗಿರುವುದನ್ನು ಕಾಣಲು ಎರಡು ದಾರಿಗಳಿವೆ. ಅಲ್ಟ್ರಾಸೌಂಡಿನಲ್ಲಿ ಅಭಿಧಮನಿಯೂ ಮೆಸೆಂಟರಿಯೂ ಆ ದೊಡ್ಡ ರಕ್ತನಾಳವನ್ನು ನೀರಿನ ಸುಳಿಯ ಹಾಗೆ ಸುತ್ತಿರುವುದು ಕಾಣಬಹುದು. ಇನ್ನೊಂದು, ಮೂಗಿನ ಕೊಳವೆಯಿಂದ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವುದು. ಸರಿಯಾಗಿ ಸುತ್ತಿದ ಕರುಳಿನಲ್ಲಿ ಡುವೊಡಿನಮ್ ಬೆನ್ನುಮೂಳೆ ದಾಟಿ ಎಡಕ್ಕೆ ಹೋಗಿ ಮೇಲೇರುತ್ತದೆ. ನಮ್ಮ ಮಗುವಿನಲ್ಲಿ ಆ ಬಿಳಿಗೆರೆ ಬಲಗಡೆಯೇ ಉಳಿದು, ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತುತ್ತಾ ಕೆಳಗಿಳಿದಿದೆ.

ಆಪರೇಷನ್ನಿನ ರೀತಿಯನ್ನು 1936ರಲ್ಲಿ ವಿವರಿಸಿದವರು ಬಾಸ್ಟನ್ನಿನ ಶಸ್ತ್ರವೈದ್ಯ ವಿಲಿಯಂ ಲ್ಯಾಡ್. ಮೊದಲು ಕರುಳಿನ ಗೊಂಚಲನ್ನೆಲ್ಲ ಹೊರಗೆ ತೆಗೆದು, ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸಿ ಹುರಿ ಬಿಡಿಸುತ್ತಾರೆ. ಬಿಸಿ ಒದ್ದೆ ಬಟ್ಟೆ ಹೊದಿಸಿ ಕಾಯುತ್ತಾರೆ. ನೀಲಿಗಟ್ಟಿದ ಕರುಳು ಮೆಲ್ಲಗೆ ಗುಲಾಬಿಗೆ ತಿರುಗಿದರೆ ಜೀವ ಇದೆ ಎಂದು. ಇಂಥ ಮಕ್ಕಳಲ್ಲಿ ಅಪೆಂಡಿಕ್ಸ್ ಕಡೆಯಿಂದ ಹೊಟ್ಟೆಯ ಬಲಗೋಡೆಗೆ ಹೋಗುವ ಪಟ್ಟಿಗಳು ಡುವೊಡಿನಮ್ಮನ್ನು ಅಮುಕಿರುತ್ತವೆ. ಅವುಗಳಿಗೆ ಲ್ಯಾಡ್ ಅವರದೇ ಹೆಸರು. ಅವನ್ನು ಕತ್ತರಿಸಿ, ಅಂಟಿಕೊಂಡ ಪೊರೆ ಬಿಡಿಸಿ ಮೆಸೆಂಟರಿಯ ಬುಡವನ್ನು ಆದಷ್ಟು ಅಗಲ ಮಾಡುತ್ತಾರೆ.

ಲ್ಯಾಡ್ ತೋರಿದ ದಾರಿಯಲ್ಲಿ ನನಗೆ ತುಂಬಾ ಹಿಡಿಸುವುದು ಇದರ ಮುಂದಿನ ಹೆಜ್ಜೆ. ಬಾಕಿ ಉಳಿದ ಸುತ್ತನ್ನು ಪೂರ್ತಿ ಮಾಡಲು ಅವರು ಹೋಗುವುದೇ ಇಲ್ಲ. ಸಣ್ಣ ಕರುಳನ್ನೆಲ್ಲ ಬಲಕ್ಕೆ, ದೊಡ್ಡ ಕರುಳನ್ನು ಎಡಕ್ಕೆ ಇಟ್ಟುಬಿಡುತ್ತಾರೆ. ಹೊಕ್ಕುಳಬಳ್ಳಿಯೊಳಗೆ ಕಾಲು ಸುತ್ತು ಮುಗಿದಾಗ ಕರುಳು ಹೆಚ್ಚು ಕಡಿಮೆ ಹೀಗೇ ಇತ್ತು. ಹೀಗಿದ್ದರೆ ಬುಡ ಅಗಲವಾಗಿರುತ್ತದೆ, ಮತ್ತೆ ತಿರುಚುವುದು ಅಪರೂಪ. ಊಟ ಅರಗಲು ಕರುಳು ಯಾವ ಪಕ್ಕದಲ್ಲಿದ್ದರೂ ನಡೆಯುತ್ತದೆ, ರಕ್ತ ಹರಿಯುತ್ತಿದ್ದರೆ ಆಯಿತು. ಹೆಚ್ಚು ಭಾಗ ಸತ್ತುಹೋಗಿದ್ದರೆ ಮಾತ್ರ ಕಥೆ ಬೇರೆ, ಉಳಿದ ತುಂಡು ಕರುಳಿನಲ್ಲಿ ಮಗುವಿಗೆ ಪೋಷಣೆ ಸಾಲದೆ ವರ್ಷಗಟ್ಟಲೆ ರಕ್ತನಾಳದ ಮೂಲಕ ಆಹಾರ ಕೊಡಬೇಕಾಗಬಹುದು.

ಕರುಳನ್ನು ಒಳಗಿಡುವ ಮೊದಲು ಸಾಮಾನ್ಯವಾಗಿ ಅಪೆಂಡಿಕ್ಸನ್ನೂ ತೆಗೆಯುತ್ತಾರೆ. ಅದು ಇನ್ನು ಇರುವುದು ಎಡಗಡೆ. ಇಪ್ಪತ್ತು ವರ್ಷದ ಮೇಲೆ ಎಡಹೊಟ್ಟೆ ನೋವೆಂದು ಬಂದರೆ ಅಪೆಂಡಿಕ್ಸ್ ಯಾವ ವೈದ್ಯರ ತಲೆಗೂ ತಟ್ಟನೆ ಹೊಳೆಯುವುದಿಲ್ಲ, ಅಲ್ವಾ? ಅದಕ್ಕೇ ಡಿಸ್ಚಾರ್ಜ್ ಆಗುವಾಗ ಕೊಟ್ಟ ಚೀಟಿಯನ್ನು ತಾಯಿತಂದೆ ಮಗುವಿನ ಲಸಿಕೆ ಕಾರ್ಡಿನ ಜೊತೆ ಇಟ್ಟುಕೊಳ್ಳಬೇಕು. ಕರುಳು ಯಾವ ಕಡೆ ಇದೆ, ಅಪೆಂಡಿಕ್ಸ್ ತೆಗೆದಿದ್ದಾರೋ ಇಲ್ಲವೋ, ಎರಡೂ ಅದರಲ್ಲಿ ಬರೆದಿರುತ್ತದೆ.