ಆಗುಂಬೆಯ ಮೋಡ ಹುಟ್ಟುವುದು ಎಲ್ಲಿ?

ಮುಂಗಾರಿನ ಮೋಡ ಹೇಗೆ ಆಗುತ್ತದೆ ಅಂತ ಏಳನೇ ಕ್ಲಾಸಿನ ಮಕ್ಕಳಿಗೆ ಆರು ನಿಮಿಷದ ಆನಿಮೇಷನ್ ವಿಡಿಯೊ ಮಾಡಿದ್ದೆ. ಮೊದಲ ಸಲ ಮಾಡಿದ್ದು ನೋಡುವುದಕ್ಕೆ ಚೆನ್ನಾಗಿತ್ತು, ವಿಷಯ ಮಾತ್ರ ತಪ್ಪು. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಆಗುಂಬೆ ಘಾಟಿ. ಸಮುದ್ರದ ಕಡೆಯಿಂದ ಹತ್ತಿಯ ಮುದ್ದೆಗಳ ಹಾಗೆ ಮೋಡಗಳು ತೇಲಿಕೊಂಡು ಬರುತ್ತವೆ, ಗುಡ್ಡಕ್ಕೆ ಢಿಕ್ಕಿ ಹೊಡೆಯುತ್ತವೆ, ಮಳೆ ಸುರಿಯುತ್ತದೆ. ಅಕ್ಕನ ಮಗಳಿಗೆ ತೋರಿಸಿದೆ. ಅವಳು ಕೇಳಿದಳು, "ಮಾಮ, ಗುಡ್ಡ ಮೋಡಕ್ಕಿಂತ ಗಿಡ್ಡ ಇದೆಯಲ್ಲ, ಮೋಡ ಸುಮ್ನೆ ಮೇಲಿಂದ ಹೋಗಬಹುದಿತ್ತು ಅಲ್ವಾ?"

ಹೋಗಬಹುದಿತ್ತು. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಅಷ್ಟೇ. 'ಘಟ್ಟ ಮೋಡವನ್ನು ತಡೆಯುತ್ತದೆ' ಅನ್ನುವ ಮಾತನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಆಗುಂಬೆಯಲ್ಲಿ ಘಟ್ಟ ಮುಖ್ಯವಾಗಿ ಮಾಡುವ ಕೆಲಸ ಬೇರೆ. ಅದು ಮೋಡವನ್ನು ತಡೆಯುವುದಿಲ್ಲ, ಅಲ್ಲೇ ಹುಟ್ಟಿಸುತ್ತದೆ. ಬರುವುದು ಗಾಳಿ, ಅದರೊಳಗೆ ಕಣ್ಣಿಗೆ ಕಾಣದ ನೀರಾವಿ. ಇದು ತಲೆಗೆ ಹೋದ ಮೇಲೆ ಎರಡನೇ ಸಲ ಮಾಡಿದಾಗ ಒಂದೇ ನಿಯಮ ಇಟ್ಟುಕೊಂಡೆ: ಮೋಡವನ್ನು ಕೊನೆಗೆ ಬರೆಯುವುದು. ಅಲ್ಲಿಯವರೆಗೆ ತೆರೆಯ ಮೇಲೆ ಬಿಳಿ ಬಣ್ಣವೇ ಇರಬಾರದು.

ಮೊದಲ ಚಿತ್ರ ಬರೀ ಒಂದು ಗೆರೆ. ಎಡಗಡೆ ಮಲ್ಪೆಯ ಕಡಲು, ಆಮೇಲೆ ಚಪ್ಪಟೆ ಕರಾವಳಿ, ಸೋಮೇಶ್ವರ ದಾಟಿದ ಕೂಡಲೇ ಎದ್ದು ನಿಂತ ಘಾಟಿ, ಅದರಾಚೆ ಮಲೆನಾಡು, ಇನ್ನೂ ಆಚೆ ಬಯಲುಸೀಮೆ. ಇಲ್ಲಿ ಒಂದು ಕಷ್ಟ ಇದೆ. ಉಡುಪಿಯಿಂದ ಆಗುಂಬೆಗೆ ನೇರ ದೂರ ಸುಮಾರು 40 ಕಿಲೋಮೀಟರ್. 1920 ಪಿಕ್ಸೆಲ್ ಅಗಲದ ತೆರೆಯಲ್ಲಿ 100 ಕಿಲೋಮೀಟರ್ ತೋರಿಸಿದರೆ, ಅದೇ ಅಳತೆಯಲ್ಲಿ ಆಗುಂಬೆಯ ಎತ್ತರ ಬರೀ 12 ಪಿಕ್ಸೆಲ್! ಗುಡ್ಡ ಅಲ್ಲ, ಗೆರೆಯ ಮೇಲೆ ಕೂತ ಇರುವೆ. ಹಾಗಾಗಿ ಎತ್ತರವನ್ನು ಇಪ್ಪತ್ತೈದು ಪಟ್ಟು ಎಳೆದೆ. ಎಳೆದದ್ದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಮೊದಲು ನಿಜವಾದ ಗೆರೆ ಬರುತ್ತದೆ, ಎರಡು ಸೆಕೆಂಡ್ ಹಾಗೇ ನಿಲ್ಲುತ್ತದೆ, ಆಮೇಲೆ ರಬ್ಬರಿನ ಹಾಗೆ ಮೇಲಕ್ಕೆ ಹಿಗ್ಗುತ್ತದೆ. ಇದನ್ನು ತೋರಿಸದಿದ್ದರೆ ಘಟ್ಟ ಎಂದರೆ ಗೋಡೆ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ, ಆಮೇಲೆ 'ತಡೆಯುವ' ಕಥೆ ತಾನಾಗಿ ಹಿಂದೆಯೇ ಬರುತ್ತದೆ.

ಎರಡನೇ ಚಿತ್ರದಲ್ಲಿ ಮಲ್ಪೆಯ ಹತ್ತಿರ ಒಂದು ಚೌಕ ಬರುತ್ತದೆ. ಅದು ಒಂದು ಕಿಲೋ ಗಾಳಿ. ಗಾಳಿಗೂ ತೂಕ ಇದೆಯಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇದೆ, ದೊಡ್ಡದೊಂದು ಫ್ರಿಜ್ಜಿನಷ್ಟು ಜಾಗದ ಗಾಳಿ ಸುಮಾರು ಒಂದು ಕಿಲೋ ತೂಗುತ್ತದೆ. ಜುಲೈ ತಿಂಗಳಲ್ಲಿ ಕಡಲ ಮೇಲಿಂದ ಬರುವ ಅಂಥ ಒಂದು ಕಿಲೋದಲ್ಲಿ ಹತ್ತಿರ ಹತ್ತಿರ 20 ಗ್ರಾಂ ನೀರಾವಿ ಇರುತ್ತದೆ, ನಾಲ್ಕು ಟೀ ಚಮಚ ನೀರು ಅನ್ನಿ. ಚೌಕದೊಳಗೆ 20 ಬೂದು ಚುಕ್ಕಿ ಇಟ್ಟೆ, ಗ್ರಾಂಗೆ ಒಂದು. ವಿಡಿಯೊ ಮುಗಿಯುವವರೆಗೆ ಈ ಚುಕ್ಕಿಗಳು ಬಣ್ಣ ಬದಲಿಸಬಹುದು, ಕೆಳಗೆ ಬೀಳಬಹುದು, ಆದರೆ ಒಂದೂ ಕಳೆದುಹೋಗಬಾರದು. ಅಕ್ಕನ ಮಗಳು ನಿಜವಾಗಿಯೂ ಎಣಿಸಿದಳು. ಹೋಗಲಿ, ಎಣಿಸಲಿ ಅಂತಲೇ ಇಟ್ಟದ್ದು.

ಬೂದು ಯಾಕೆ? ನೀರಾವಿ ಬಿಳಿ ಅಲ್ಲ. ಕುದಿಯುವ ಕುಕ್ಕರಿನ ನಳಿಗೆಯನ್ನು ದೂರದಿಂದಲೇ ಸರಿಯಾಗಿ ನೋಡಿ, ವೆಯ್ಟ್ ಇಡುವ ಮುಂಚೆ. ತೂತಿನ ಬಾಯಿಗೆ ಅಂಟಿಕೊಂಡ ಹಾಗೆ ಒಂದಿಷ್ಟು ಜಾಗದಲ್ಲಿ ಏನೂ ಕಾಣುವುದಿಲ್ಲ, ಅದರ ಮೇಲೆ ಬಿಳಿ ಹೊಗೆ ಶುರುವಾಗುತ್ತದೆ. ಏನೂ ಕಾಣದ ಆ ಜಾಗದಲ್ಲೇ ನೀರಾವಿ ಇರುವುದು. ಬಿಳಿಯಾಗಿ ಕಂಡದ್ದು ಆಗಲೇ ತಣ್ಣಗಾಗಿ ಹನಿಯಾಗಿದೆ.

ಈಗ ಗಾಳಿ ಬಂದು ಚೌಕವನ್ನು ಘಾಟಿಯ ಮೇಲಕ್ಕೆ ತಳ್ಳುತ್ತದೆ. ಮೇಲೆ ಹೋದಂತೆ ಚೌಕ ದೊಡ್ಡದಾಗುತ್ತದೆ, ಯಾಕೆಂದರೆ ಅದರ ತಲೆಯ ಮೇಲೆ ಕೂತಿರುವ ಗಾಳಿಯ ಭಾರ ಕಡಿಮೆಯಾಗುತ್ತಾ ಹೋಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಇಲ್ಲಿ ಎಲ್ಲ ಮಕ್ಕಳೂ ನಿಲ್ಲಿಸುತ್ತಾರೆ: ಮೇಲೆ ಹೋದರೆ ಸೂರ್ಯನಿಗೆ ಹತ್ತಿರ ಆಗುತ್ತದಲ್ಲ, ಬಿಸಿ ಆಗಬೇಕಲ್ವಾ? ಸೂರ್ಯ ಇರುವುದು ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ, ಒಂದು ಕಿಲೋಮೀಟರ್ ಹತ್ತಿರ ಹೋದರೆ ಅವನಿಗೆ ಗೊತ್ತೂ ಆಗುವುದಿಲ್ಲ. ತಣ್ಣಗಾಗುವುದಕ್ಕೆ ಕಾರಣ ಗಾಳಿಯೊಳಗೇ ಇದೆ. ಹಿಗ್ಗಬೇಕಾದರೆ ಅದು ಸುತ್ತಲಿನ ಗಾಳಿಯನ್ನು ಆಚೆ ನೂಕಬೇಕು. ನೂಕುವುದು ಕೆಲಸ, ಕೆಲಸಕ್ಕೆ ಖರ್ಚು ಮಾಡಲು ಅದರ ಹತ್ತಿರ ಇರುವುದು ತನ್ನದೇ ಬಿಸಿ. ಸೈಕಲ್ ಟ್ಯೂಬಿನ ವಾಲ್ವಿನ ಪಿನ್ ಒತ್ತಿ ಬೆರಳು ಹಿಡಿದರೆ ಬರುವ ಗಾಳಿ ತಣ್ಣಗಿರುತ್ತದೆ. ಪಂಪ್ ಹೊಡೆದರೆ ಪಂಪಿನ ಬುಡ ಬಿಸಿಯಾಗುತ್ತದೆ. ಒಂದೇ ಸಂಗತಿಯ ಎರಡು ಮುಖ. ವಿಡಿಯೊದಲ್ಲಿ ಈ ಜಾಗಕ್ಕೆ ಒಂದು ನಿಮಿಷ ಪೂರ್ತಿ ಕೊಟ್ಟಿದ್ದೇನೆ, ಇದು ಅರ್ಥವಾಗದಿದ್ದರೆ ಮುಂದಿನದೆಲ್ಲ ಬರೀ ಬೊಂಬೆಯಾಟ.

ಚೌಕದ ಪಕ್ಕಕ್ಕೆ ಈಗ ಒಂದು ಥರ್ಮಾಮೀಟರ್ ಬರುತ್ತದೆ. ಹಳೆಯ ಚಿತ್ರವನ್ನು ಅಳಿಸುವುದಿಲ್ಲ, ಸ್ವಲ್ಪ ಮಂಕು ಮಾಡುತ್ತೇನೆ. ಹೊಸದೊಂದು ಬಂದಾಗ ಮೂರು ಸೆಕೆಂಡ್ ಮಾತಿಲ್ಲ. ಥರ್ಮಾಮೀಟರಿನಲ್ಲಿ ಎರಡು ಗುರುತು. ಕೆಂಪು ಗಾಳಿಯ ಈಗಿನ ಉಷ್ಣತೆ, ಮಲ್ಪೆಯಲ್ಲಿ 28 ಡಿಗ್ರಿ ಅಂತ ಇಟ್ಟುಕೊಳ್ಳಿ. ನೀಲಿ ಗುರುತು 25ರಲ್ಲಿದೆ. ಈ ಗಾಳಿ ಅಲ್ಲಿಯವರೆಗೆ ತಣ್ಣಗಾದರೆ ಇಬ್ಬನಿ ಕಟ್ಟುವುದಕ್ಕೆ ಶುರುವಾಗುತ್ತದೆ. ಇದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ಚೌಕ ಮೇಲೆ ಹೋದಂತೆ ಕೆಂಪು ಬೇಗ ಇಳಿಯುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಗಾಳಿ ಹಿಗ್ಗಿ ನೀರಾವಿಯೂ ಚದುರುವುದರಿಂದ ನೀಲಿಯೂ ಇಳಿಯುತ್ತದೆ, ಆದರೆ ನಿಧಾನ, ಕಿಲೋಮೀಟರಿಗೆ 2 ಡಿಗ್ರಿ. ಅಂದರೆ ಇವೆರಡರ ನಡುವಿನ ಅಂತರ ಕಿಲೋಮೀಟರಿಗೆ 8 ಡಿಗ್ರಿಯಂತೆ ಮುಚ್ಚಿಕೊಳ್ಳುತ್ತದೆ. ನಮ್ಮ ಅಂತರ 3 ಡಿಗ್ರಿ. ಮೂರನ್ನು ಎಂಟರಿಂದ ಭಾಗಿಸಿ: 375 ಮೀಟರ್.

ಕೆಂಪು ಮತ್ತು ನೀಲಿ ಸೇರಿದ ಕ್ಷಣ ಚೌಕ ನಿಲ್ಲುತ್ತದೆ. ಆ ಎತ್ತರದಲ್ಲಿ ತೆರೆಯ ಉದ್ದಕ್ಕೂ ಒಂದು ಚುಕ್ಕೆ ಗೆರೆ ಎಳೆಯುತ್ತೇನೆ. ಅದು ಮೋಡದ ತಳ, ಮೋಡ ಇನ್ನೂ ಇಲ್ಲ. ಗೆರೆಯ ಕೆಳಗೆ ಸೋಮೇಶ್ವರ, ಗೆರೆಯ ಮೇಲೆ ಆಗುಂಬೆ. ಮಳೆಗಾಲದಲ್ಲಿ ಘಾಟಿ ಹತ್ತಿದವರಿಗೆ ಈ ಗೆರೆ ಗೊತ್ತು. ಕೆಳಗಿನ ತಿರುವುಗಳಲ್ಲಿ ರಸ್ತೆ ಕಾಣುತ್ತಿರುತ್ತದೆ, ಯಾವುದೋ ಒಂದು ತಿರುವು ದಾಟಿದ ಮೇಲೆ ಡ್ರೈವರ್ ಹಗಲಿನಲ್ಲೇ ಹೆಡ್‌ಲೈಟ್ ಹಾಕುತ್ತಾನೆ. ಮಂಜು ಅಂತೀವಿ, ಅದು ಮೋಡವೇ. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಅಂತರ ಕಡಿಮೆ, ಗೆರೆ ಕೆಳಗಿನ ತಿರುವಿಗೆ ಇಳಿಯುತ್ತದೆ.

ಈಗಲಾದರೂ ಮೋಡ ಬರೆಯೋಣ ಅಂದರೆ ಇನ್ನೊಂದು ಸಾಮಾನು ಬೇಕು, ಧೂಳು. ನೀರಾವಿ ತನ್ನಷ್ಟಕ್ಕೆ ತಾನು ಒಂದಾಗಿ ಹನಿ ಕಟ್ಟುವುದು ಬಹಳ ಕಷ್ಟ, ಅಂಟಿಕೊಳ್ಳುವುದಕ್ಕೆ ಏನಾದರೂ ಸಿಗಬೇಕು. ಕರಾವಳಿಯಲ್ಲಿ ಅದಕ್ಕೆ ಬರ ಇಲ್ಲ. ಅಲೆ ಒಡೆದಾಗ ಹಾರುವ ತುಂತುರು ಒಣಗಿ ಉಳಿದ ಉಪ್ಪಿನ ಕಣಗಳೇ ಸಾಕಷ್ಟಿರುತ್ತವೆ. ಮನೆಯಲ್ಲಿ ನೋಡಬೇಕಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಬಿಸಿ ನೀರು ಹಾಕಿ ಮುಚ್ಚಿ, ಜೋರಾಗಿ ಹಿಚುಕಿ ಬಿಡಿ. ಏನೂ ಆಗದ ಹಾಗಿರುತ್ತದೆ. ದೊಡ್ಡವರು ಒಬ್ಬರು ಆರಿಸಿದ ಬೆಂಕಿಕಡ್ಡಿಯ ಹೊಗೆಯನ್ನು ಒಂದಿಷ್ಟು ಒಳಗೆ ಬಿಟ್ಟ ಮೇಲೆ ಮತ್ತೆ ಹಿಚುಕಿ, ಬಿಡಿ. ಬಿಟ್ಟ ಕೂಡಲೇ ಒಳಗೆ ಬೆಳ್ಳಗಾಗುತ್ತದೆ, ಹಿಚುಕಿದರೆ ಮಾಯ. ಹಿಗ್ಗಿದರೆ ತಂಪು, ಕುಗ್ಗಿದರೆ ಬಿಸಿ, ಎಲ್ಲ ನಿಮ್ಮ ಕೈಯಲ್ಲೇ.

ಗೆರೆ ದಾಟಿದ ಚೌಕದಲ್ಲಿ ಒಂದೊಂದೇ ಬೂದು ಚುಕ್ಕಿ ಬಿಳಿಯಾಗುತ್ತದೆ. ಕೆಂಪು ಗುರುತು ಈಗ ನಿಧಾನವಾಗಿ ಇಳಿಯುತ್ತದೆ, ಕಿಲೋಮೀಟರಿಗೆ 4ರಿಂದ 5 ಡಿಗ್ರಿ ಮಾತ್ರ, ಯಾಕೆಂದರೆ ಆವಿ ಹನಿಯಾಗುವಾಗ ಬಿಸಿಯನ್ನು ವಾಪಸ್ ಕೊಡುತ್ತದೆ. ಘಟ್ಟ ತಳ್ಳಿದ ಗಾಳಿ ಘಟ್ಟದ ನೆತ್ತಿಗೆ ನಿಲ್ಲದೆ ಇನ್ನೂ ಮೇಲೆ ಹೋಗುತ್ತದೆ. 2 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಸುಮಾರು 17 ಡಿಗ್ರಿ, 20ರಲ್ಲಿ ಐದು ಚುಕ್ಕಿ ಬಿಳಿ. ಒಂದು ಟೀ ಚಮಚ ನೀರು. ಕಮ್ಮಿ ಅನಿಸಿತಾ? ಇಂಥ ಚೌಕಗಳು ಹಗಲು ರಾತ್ರಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವುದು ಹೀಗೆ ಚಮಚ ಚಮಚವಾಗಿಯೇ.

ಒಂದು ಚೌಕದ ಹಿಂದೆ ಇನ್ನೊಂದು, ಮತ್ತೊಂದು ಅಂತ ಬಿಟ್ಟಾಗ ತೆರೆಯಲ್ಲಿ ನಾನೇ ನಿರೀಕ್ಷಿಸದ ಒಂದು ಚಂದ ಕಂಡಿತು. ಚೌಕಗಳು ಓಡುತ್ತಿವೆ, ಆದರೆ ಬಿಳಿ ಜಾಗ ಘಾಟಿಯ ಮೇಲೆ ಅಲ್ಲಾಡದೆ ನಿಂತಿದೆ. ಎಡ ಅಂಚಿನಲ್ಲಿ ಹನಿಗಳು ಹುಟ್ಟುತ್ತವೆ, ಬಲ ಅಂಚಿನಲ್ಲಿ ಗಾಳಿ ಇಳಿಯುವ ಕಡೆ ಕರಗುತ್ತವೆ, ಮೋಡ ಮಾತ್ರ ಅಲ್ಲೇ. ಗಂಟೆಗಟ್ಟಲೆ ಒಂದೇ ಗುಡ್ಡದ ತಲೆ ಬಿಡದ ಮೋಡವನ್ನು ಮಲೆನಾಡಿನವರು ನೋಡಿರುತ್ತೀರಿ. ಇದನ್ನು ನೋಡಿದ ಮೇಲೆ ಹತ್ತಿ ಮುದ್ದೆಯ ಚಿತ್ರಕ್ಕೆ ವಾಪಸ್ ಹೋಗಲು ನನಗಂತೂ ಆಗಲಿಲ್ಲ.

ಬಿಳಿ ಚುಕ್ಕಿ ಮಳೆಯಾಗುವುದು ಇನ್ನೊಂದು ಹೆಜ್ಜೆ. ಮೋಡದ ಹನಿ ಸುಮಾರು 0.02 ಮಿಲಿಮೀಟರ್, ಸೆಕೆಂಡಿಗೆ ಒಂದು ಸೆಂಟಿಮೀಟರ್ ಬಿದ್ದರೆ ಹೆಚ್ಚು, ಏರುವ ಗಾಳಿ ಅದನ್ನು ಸುಲಭವಾಗಿ ಎತ್ತಿ ಹಿಡಿಯುತ್ತದೆ. ಎರಡು ಮಿಲಿಮೀಟರಿನ ಒಂದು ಮಳೆಹನಿಗೆ ಅಂಥವು ಹತ್ತು ಲಕ್ಷ ಸೇರಬೇಕು. ಸ್ವಲ್ಪ ದಪ್ಪ ಇರುವ ಹನಿ ಬೇಗ ಬೀಳುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕವನ್ನು ನುಂಗುತ್ತದೆ, ನುಂಗಿದಷ್ಟೂ ದಪ್ಪ, ದಪ್ಪ ಆದಷ್ಟೂ ಬೇಗ. ಒಂದಕ್ಕೊಂದು ಢಿಕ್ಕಿ ಹೊಡೆಯುವುದು ಹನಿಗಳು, ಮೋಡಗಳಲ್ಲ.

ಐದು ಚುಕ್ಕಿಯೂ ಮಳೆಯಾಗಿ ಬಿದ್ದುಹೋದರೆ, ಉಳಿದ 15ರೊಂದಿಗೆ ಚೌಕ ಆಚೆ ಇಳಿಯುತ್ತದೆ. ಕುಗ್ಗುತ್ತದೆ, ಬಿಸಿಯಾಗುತ್ತದೆ, ಈ ಸಲ ಕಿಲೋಮೀಟರಿಗೆ ಪೂರ್ತಿ 10 ಡಿಗ್ರಿಯಂತೆ. 600 ಮೀಟರಿಗೆ ಬಂದಾಗ ಲೆಕ್ಕಕ್ಕೆ 31 ಡಿಗ್ರಿ, ಹೊರಟಾಗ ಇದ್ದದ್ದಕ್ಕಿಂತ ಬಿಸಿ, ಒಣ. ಮಳೆ ನೆರಳು ಅನ್ನುವುದು ಇದಕ್ಕೇ. ನಿಜದಲ್ಲಿ ಇಷ್ಟು ಚೊಕ್ಕವಾಗಿ ಆಗುವುದಿಲ್ಲ. ಎಷ್ಟೋ ಹನಿಗಳು ಬೀಳದೆ ಗಾಳಿಯ ಜೊತೆ ಘಟ್ಟ ದಾಟುತ್ತವೆ, ಹಾಗಾಗಿಯೇ ತೀರ್ಥಹಳ್ಳಿಯಲ್ಲೂ ಒಳ್ಳೆ ಮಳೆ, ಮುಂದೆ ಶಿವಮೊಗ್ಗ, ಚಿತ್ರದುರ್ಗ ಅಂತ ಹೋದಂತೆ ತೆಳುವಾಗುತ್ತದೆ.

ಎಲ್ಲ ಮುಗಿಸಿ ಅಕ್ಕನ ಮಗಳಿಗೆ ಮತ್ತೆ ತೋರಿಸಿದೆ. ಮೋಡ ಎಲ್ಲಿಂದ ಬಂತು ಅಂತ ಕೇಳಿದೆ. ಚುಕ್ಕೆ ಗೆರೆಯ ಮೇಲೆ ಬೆರಳಿಟ್ಟು "ಬಂದಿಲ್ಲ, ಇಲ್ಲೇ ಆಗಿದ್ದು" ಅಂದಳು. ನಾನು ಖುಷಿಯಲ್ಲಿ ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ, "ಹಾಗಾದರೆ ಮಲ್ಪೆಯಲ್ಲಿ ಗುಡ್ಡವೇ ಇಲ್ಲ, ಅಲ್ಲಿ ಯಾಕೆ ಅಷ್ಟು ಮಳೆ?"

ಸರಿಯಾದ ಪ್ರಶ್ನೆ. ಗಾಳಿಯನ್ನು ಮೇಲೆತ್ತುವುದಕ್ಕೆ ಗುಡ್ಡವೇ ಬೇಕೆಂದಿಲ್ಲ. ಮುಂಗಾರಿನಲ್ಲಿ ಕರಾವಳಿಗೆ ಉದ್ದಕ್ಕೆ ಕಡಲ ಮೇಲೆ ಒತ್ತಡ ಕಡಿಮೆ ಇರುವ ಒಂದು ಪಟ್ಟಿ ಆಗಾಗ ಏಳುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗಿ, ಬೇರೆ ದಾರಿ ಇಲ್ಲದೆ ಮೇಲೇರುತ್ತದೆ, ಮೋಡ ಕಡಲಿನ ಮೇಲೆಯೇ ಹುಟ್ಟುತ್ತದೆ. ಅಂಥ ದಿನ ನನ್ನ ಮೊದಲ ವಿಡಿಯೊದ ಹಾಗೆ ಮೋಡಗಳು ಸಮುದ್ರದಿಂದಲೂ ಬರುತ್ತವೆ. ಅದಕ್ಕೆ ಪಕ್ಕದಿಂದ ನೋಡಿದ ಈ ಚಿತ್ರ ಸಾಲದು, ಮೇಲಿಂದ ನೋಡಿದ ನಕ್ಷೆ ಬೇಕು. ಹೊಸ ಫೈಲ್ ತೆರೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ಕರಾವಳಿಯ ಗೆರೆ ಒಂದೇ ಇದೆ.