ಪೋಲಾರ್ ಕೋಡ್: ಗುಡ್ಡದ ಮರೆಯ ಫೋನಿಗೆ ಟವರ್‌ನ ಮಾತು ಮುಟ್ಟುವ ಬಗೆ

ಭಾಗಮಂಡಲದ ಕಡೆ ಗುಡ್ಡದ ಮರೆಯಲ್ಲಿರುವ ತೋಟದ ಮನೆಯಲ್ಲಿ ಫೋನು 5ಜಿ ಎಂದು ತೋರಿಸುತ್ತದೆ, ಡೇಟಾ ಮಾತ್ರ ತೆವಳುತ್ತದೆ. ಡೇಟಾಗಿಂತ ಮುಂಚೆ ಬರುವ ಕಂಟ್ರೋಲ್ ಸಂದೇಶವೇ ಕೈಕೊಟ್ಟಿರಬಹುದು. ‘ನಿನ್ನ ಡೇಟಾ ಇಂಥ ಜಾಗದಲ್ಲಿದೆ’ ಎಂದು ಟವರ್ ತಿಳಿಸುವ ಈ ಸಂದೇಶ ಬರೀ ಹತ್ತಾರು ಬಿಟ್‌ಗಳದ್ದು. ಅದು ತಪ್ಪಿದರೆ ಅದರ ಬೆನ್ನಿಗೆ ಬಂದ ಡೇಟಾ ಫೋನಿನ ಪಾಲಿಗೆ ಇಲ್ಲವೇ ಇಲ್ಲ. ಆ ಸಂದೇಶವನ್ನು ಕಾಯುವುದು, ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಸರಿಪಡಿಸಿಕೊಳ್ಳಲು ನೆರವಾಗುವ ಪೋಲಾರ್ ಕೋಡ್. ಟರ್ಕಿಯ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ ವಿಧಾನ ಇದು.

ಕಳಿಸಿದ ಬಿಟ್‌ಗಳಲ್ಲಿ ಅರ್ಧದಷ್ಟು ಅಳಿಸಿಹೋಗುವ ದಾರಿ ಇದೆ ಎನ್ನಿ. u1, u2 ಎಂಬ ಎರಡು ಬಿಟ್‌ಗಳನ್ನು ಹಾಗೇ ಕಳಿಸುವ ಬದಲು ಹೀಗೆ ಬೆರೆಸಿ ಕಳಿಸುತ್ತೇವೆ:

```
x1 = u1 XOR u2
x2 = u2
```

XOR ಎಂದರೆ ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. u1 ತಿಳಿಯಬೇಕಾದರೆ x1, x2 ಎರಡೂ ಮುಟ್ಟಬೇಕು. ಸೋಲುವ ಸಾಧ್ಯತೆ 0.75. ಅದೊಮ್ಮೆ ಗೊತ್ತಾದ ಮೇಲೆ u2ಗೆ ಎರಡರಲ್ಲಿ ಯಾವುದಾದರೂ ಒಂದು ಮುಟ್ಟಿದರೆ ಸಾಕು, ಸೋಲು 0.25 ಮಾತ್ರ. ಸರಾಸರಿ ಈಗಲೂ 0.5. ದಾರಿಯ ಒಟ್ಟು ಸಾಮರ್ಥ್ಯ ಬೆಳೆದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಿದೆ ಅಷ್ಟೆ.

ಇದನ್ನೇ ಇನ್ನೊಂದು ಸುತ್ತು ಮಾಡಿದರೆ ನಾಲ್ಕು ಸ್ಥಾನಗಳಲ್ಲಿ ಸೋಲಿನ ಸಾಧ್ಯತೆ 0.9375, 0.5625, 0.4375, 0.0625. ಎಂಟು ಸ್ಥಾನಗಳಾದರೆ ಅತಿ ಕೆಟ್ಟದ್ದು 0.996, ಅತಿ ಒಳ್ಳೆಯದು 0.004. ಹೀಗೆ ಎರಡು ತುದಿಗಳತ್ತ ಸರಿಯುವುದೇ ಧ್ರುವೀಕರಣ. ಕೆಟ್ಟ ಸ್ಥಾನಗಳಲ್ಲಿ ಎರಡೂ ಕಡೆಗೆ ಮೊದಲೇ ಗೊತ್ತಿರುವ ಸೊನ್ನೆ ಇಟ್ಟು, ಒಳ್ಳೆಯವುಗಳಲ್ಲಿ ಸಂದೇಶ ಹಾಕುತ್ತೇವೆ. ಯಾವ ಸ್ಥಾನ ಎಷ್ಟು ನಂಬಿಕಸ್ತ ಎಂಬ 1024 ಸಂಖ್ಯೆಗಳ ಪಟ್ಟಿ 5ಜಿ ಮಾನದಂಡದಲ್ಲೇ ಇದೆ.

ಎಡವುವುದು ಮಧ್ಯದಲ್ಲಿ. ಟವರ್‌ನಿಂದ ಬರುವ ಕಂಟ್ರೋಲ್ ಸಂದೇಶಕ್ಕೆ ಕೋಡ್‌ನ ಉದ್ದ 512ಕ್ಕಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಸ್ಥಾನಗಳು ಉಳಿದೇ ಉಳಿಯುತ್ತವೆ. ಬಿಟ್‌ಗಳನ್ನು ಒಂದಾದ ಮೇಲೊಂದು ಬಿಡಿಸುವುದರಿಂದ ಅಂಥ ಕಡೆ ಒಂದು ತಪ್ಪಿದರೆ ಮುಂದಿನವೂ ಕೆಡುತ್ತವೆ. ಆದ್ದರಿಂದ ಫೋನು ಒಂದೇ ಊಹೆಗೆ ಜೋತುಬೀಳದೆ, ಸಾಮಾನ್ಯವಾಗಿ ಎಂಟರಷ್ಟು ಊಹೆಗಳನ್ನು ಜೊತೆಜೊತೆಗೆ ನಡೆಸುತ್ತದೆ. ಕೊನೆಗೆ, ಸರಿಯಿದೆಯೇ ಎಂದು ತಾಳೆ ನೋಡಲು ಸಂದೇಶಕ್ಕೆ ಸೇರಿಸಿದ 24 ಬಿಟ್‌ಗಳ ಸಿಆರ್‌ಸಿಗೆ ಹೊಂದುವುದನ್ನು ಆರಿಸುತ್ತದೆ. ಆ ಸಿಆರ್‌ಸಿ ಇಲ್ಲದ ಪೋಲಾರ್ ಕೋಡ್ ಇಷ್ಟು ಚಿಕ್ಕ ಉದ್ದದಲ್ಲಿ ಸಾಧಾರಣ ಕೋಡೇ ಸರಿ.

ಈಗ ನಮ್ಮ ತೋಟದ ಮನೆ. ಸಂದೇಶ 40 ಬಿಟ್, ಸಿಆರ್‌ಸಿ ಸೇರಿ 64. ಸಿಗ್ನಲ್ ಚೆನ್ನಾಗಿದ್ದರೆ ಟವರ್ ಇದನ್ನು ಕಂಟ್ರೋಲ್ ಜಾಗವನ್ನು ಹಂಚುವ ಘಟಕವಾದ ಸಿಸಿಇ ಒಂದರಲ್ಲೇ, ಅಂದರೆ 108 ಬಿಟ್‌ಗಳಲ್ಲಿ ಕಳಿಸೀತು. ಗುಡ್ಡದ ಮರೆಗೆ 16 ಸಿಸಿಇ ಬೇಕಾಗಬಹುದು, ಅಂದರೆ 1728 ಬಿಟ್. ಕೋಡ್ 512ಕ್ಕೇ ನಿಲ್ಲುವುದರಿಂದ ಅದೇ ಬಿಟ್‌ಗಳು ಮೂರು ಸುತ್ತು ಪೂರ್ತಿ ಬಂದು, ನಾಲ್ಕನೇ ಸುತ್ತಿನಲ್ಲಿ 192 ಮಾತ್ರ ಬರುತ್ತವೆ. ಇಲ್ಲಿ ಸಿಗುವುದು ಹೆಚ್ಚು ಶಕ್ತಿಯೇ ಹೊರತು ಹೆಚ್ಚು ಜಾಣ ಕೋಡ್ ಅಲ್ಲ. ಬೆಲೆಯೂ ದುಬಾರಿ: ಕಂಟ್ರೋಲ್ ಜಾಗ ಆವರ್ತನದಲ್ಲಿ 48 ರಿಸೋರ್ಸ್ ಬ್ಲಾಕ್, ಕಾಲದಲ್ಲಿ ಎರಡು ಸಿಂಬಲ್ ಇದ್ದರೆ ಅಲ್ಲಿರುವುದೇ 16 ಸಿಸಿಇ. ಆ ಸರದಿಯಲ್ಲಿ ಬೇರೆ ಯಾರಿಗೂ ಜಾಗ ಇಲ್ಲ.

ತೊಂದರೆ ಯಾವುದೆಂದು ಟವರ್ ಲಾಗ್‌ನಲ್ಲಿ ಕಾಣುತ್ತದೆ. ಡೇಟಾ ಕೆಟ್ಟು ಬಂದಿದ್ದರೆ ಫೋನು NACK ಕಳಿಸುತ್ತದೆ. ಕಂಟ್ರೋಲ್ ಸಂದೇಶವೇ ಮುಟ್ಟದಿದ್ದರೆ ಏನನ್ನೂ ಕಳಿಸುವುದಿಲ್ಲ, ಅದು DTX ಎಂದು ದಾಖಲಾಗುತ್ತದೆ. NACK ಕಡಿಮೆ ಇದ್ದು DTX ಏರಿದ್ದರೆ ಡೇಟಾದ ವೇಗ ಇಳಿಸಿ ಪ್ರಯೋಜನವಿಲ್ಲ. ಸಿಸಿಇ ಸಂಖ್ಯೆ ಏರಿಸಿ ನೋಡಬೇಕು.